ಕೋನ 1.4 ಎಂದಿದ್ದರೆ ಡಿಗ್ರಿಯೋ ರೇಡಿಯನ್ನೋ?

ಪ್ರಶ್ನೆ: ಫೋಟೋದಲ್ಲಿರುವ ವೃತ್ತದಲ್ಲಿ ಕೇಂದ್ರ O, OA = 6 ಸೆಂ.ಮೀ., ಕೋನ AOB ಒಳಗೆ 1.4 ಅಂತಿದೆ. ಕಂಸದ ಉದ್ದ ನನಗೆ 0.15 ಸೆಂ.ಮೀ. ಬರ್ತಿದೆ. ಎಲ್ಲಿ ತಪ್ಪಿದೆ?

ಲೆಕ್ಕ ಮಾಡಿದ ರೀತಿ ಸರಿಯಿದೆ, ಕೋನದ ಮಾನ ತಪ್ಪಾಗಿದೆ. ನೀವು 1.4 ಅನ್ನು ಡಿಗ್ರಿ ಎಂದುಕೊಂಡು 360ರಿಂದ ಭಾಗಿಸಿದ್ದೀರಿ. ಅದು ರೇಡಿಯನ್.

ಇದನ್ನು ಚಿತ್ರವೇ ಹೇಳುತ್ತದೆ. 1.4 ಡಿಗ್ರಿಯಾಗಿದ್ದರೆ OA, OB ಎರಡೂ ಗೆರೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿರುತ್ತಿದ್ದವು. ನಿಮ್ಮ ಫೋಟೋದಲ್ಲಿ ಕೋನ ಲಂಬಕೋನಕ್ಕಿಂತ ತುಸು ಕಡಿಮೆ ಇದೆ. 1.4 ರೇಡಿಯನ್ ಎಂದರೆ 1.4 × 180/π, ಸುಮಾರು 80.2°. ಹೊಂದುತ್ತದೆ. ಕೋನಮಾಪಕ ಇಟ್ಟು ಅಳೆಯಲು ಮಾತ್ರ ಹೋಗಬೇಡಿ. ಫೋನ್ ಓರೆಯಾಗಿ ಹಿಡಿದಿದ್ದರಿಂದ ವೃತ್ತ ಮೊಟ್ಟೆಯಾಕಾರಕ್ಕೆ ತಿರುಗಿದೆ, ಕೋನವೂ ಅದರ ಜೊತೆ ಬದಲಾಗಿರುತ್ತದೆ. ಒಂದೂವರೆ ಡಿಗ್ರಿಯೋ ಎಂಬತ್ತು ಡಿಗ್ರಿಯೋ ಎಂದು ತಿಳಿಯಲು ಕಣ್ಣಂದಾಜು ಸಾಕು. ಬೆಲೆಯನ್ನು ಮಾತ್ರ ಬರೆದಿರುವ ಅಂಕಿಯಿಂದಲೇ ತೆಗೆದುಕೊಳ್ಳಿ.

ಇನ್ನೊಂದು ಮೋಸ ಇದೆ. ರೇಡಿಯನ್ ಸೂಚಿಸಲು ಕೆಲವು ಪುಸ್ತಕಗಳು ಅಂಕಿಯ ತಲೆಯ ಮೇಲೆ ಸಣ್ಣ c ಹಾಕುತ್ತವೆ. ಫೋಟೋ ಮಸುಕಾದರೆ ಅದು ಡಿಗ್ರಿಯ ಸೊನ್ನೆಯಂತೆಯೇ ಕಾಣುತ್ತದೆ. ದಶಮಾಂಶ ಬಿಂದು ಅಳಿಸಿ 1.4 ಎಂಬುದು 14 ಆಗಿಬಿಡುವುದೂ ಉಂಟು. ಹಾಗೆಯೇ 6 ಸೆಂ.ಮೀ. ಎಂದು ಬರೆದ ಗೆರೆ O ಬಳಿ ನಿಲ್ಲುತ್ತದೋ, ದಾಟಿ ಆಚೆ ಬದಿ ಮುಟ್ಟುತ್ತದೋ ನೋಡಿ. ದಾಟಿದರೆ ಅದು ವ್ಯಾಸ. ನಿಮ್ಮದರಲ್ಲಿ O ಬಳಿಯೇ ನಿಂತಿದೆ, ಹಾಗಾಗಿ r = 6.

ರೇಡಿಯನ್ ಆದಾಗ ಕಂಸದ ಉದ್ದ l ಗಾಗಲಿ, ತ್ರಿಜ್ಯಾಂತರ ಖಂಡದ ವಿಸ್ತೀರ್ಣ A ಗಾಗಲಿ 360 ಬೇಕಿಲ್ಲ:

```
l = rθ = 6 × 1.4 = 8.4 cm
A = ½r²θ = ½ × 36 × 1.4 = 25.2 cm²
```

ಡಿಗ್ರಿಯಲ್ಲೇ ಮಾಡಬೇಕೆಂದರೆ (80.2/360) × 2π × 6 ಹಾಕಿ, 8.4 ಬರುತ್ತದೆ. ಆದರೆ 80.2 ಅನ್ನು rθ ಒಳಗೆ ತುರುಕಿದರೆ 481 ಸೆಂ.ಮೀ. ಬರುತ್ತದೆ. ಇಡೀ ಪರಿಧಿಯೇ 37.7 ಇರುವಾಗ ಅದು ಸಾಧ್ಯವೇ ಇಲ್ಲ.

ತಾಳೆ ನೋಡಲು ಹಲವರು A = ½rl ಬಳಸುತ್ತಾರೆ. ಈ ತಪ್ಪನ್ನು ಅದು ಹಿಡಿಯುವುದಿಲ್ಲ: 1.4 ಅನ್ನು ಡಿಗ್ರಿ ಎಂದುಕೊಂಡರೆ l = 0.147, A = 0.44, ಅವೆರಡೂ ಸೂತ್ರಕ್ಕೆ ಸರಿಹೊಂದುತ್ತವೆ. ನಾನಾದರೆ ಕಂಸವನ್ನು ತ್ರಿಜ್ಯದ ಜೊತೆ ಹೋಲಿಸುತ್ತೇನೆ. ಒಂದು ರೇಡಿಯನ್‌ಗೆ ಕಂಸ ತ್ರಿಜ್ಯದಷ್ಟೇ ಉದ್ದ. ಚಿತ್ರದಲ್ಲಿ ಕಂಸ OAಗಿಂತ ಉದ್ದವಾಗಿ ಕಾಣುತ್ತಿರುವುದರಿಂದ ಉತ್ತರ 6ಕ್ಕಿಂತ ಹೆಚ್ಚೇ ಇರಬೇಕು.

ಇಲ್ಲಿಯವರೆಗೆ ಕ್ಯಾಲ್ಕ್ಯುಲೇಟರ್ DEGನಲ್ಲಿದೆಯೋ RADನಲ್ಲಿದೆಯೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಯಾಕೆಂದರೆ sin ಒತ್ತಿಯೇ ಇಲ್ಲ. ಮುಂದಿನ ಉಪಪ್ರಶ್ನೆ ಜ್ಯಾ AB ಕತ್ತರಿಸುವ ಚಿಕ್ಕ ವೃತ್ತಖಂಡದ್ದಾದರೆ ಬರುತ್ತದೆ: ½r²(θ − sin θ), RADನಲ್ಲಿ 7.46 cm². DEGನಲ್ಲಿ ಬಿಟ್ಟರೆ 24.8 ತೋರಿಸುತ್ತದೆ. ಇಡೀ ತ್ರಿಜ್ಯಾಂತರ ಖಂಡವೇ 25.2 ಆಗಿರುವಾಗ, ತ್ರಿಭುಜ OABಗೆ ಉಳಿಯುವುದು ಬರೀ 0.4!