ಲಾಭ ಏರಿದೆ, ಆದರೆ ಎಲ್ಲಿಂದ ಬಂತು?

ಪ್ರಶ್ನೆ: ಇನ್ಫೊಸಿಸ್ ಷೇರು ನನ್ನ ಬಳಿ ಇದೆ. ವಾರ್ಷಿಕ ವರದಿ ತೆರೆದರೆ ಪ್ರತಿ ವರ್ಷವೂ ಎಲ್ಲ ಅಂಕಿಗಳೂ ಹೆಚ್ಚಿರುತ್ತವೆ. ಹೋಲಿಸಿ ನೋಡೋಣವೆಂದರೆ ಟಿಸಿಎಸ್ ಇನ್ನೂ ದೊಡ್ಡ ಕಂಪನಿ. ಕಾಮನ್ ಸೈಜ್, ಟ್ರೆಂಡ್ ಅನಾಲಿಸಿಸ್ ಮಾಡಿ ನೋಡಿ ಎನ್ನುತ್ತಾರೆ. ಹೇಗೆ ಮಾಡುವುದು?

ಉತ್ತರ: ಅಂಗಸಂಸ್ಥೆಗಳ ಲೆಕ್ಕವೂ ಸೇರಿದ ಕನ್ಸಾಲಿಡೇಟೆಡ್ ಲಾಭ-ನಷ್ಟ ಪಟ್ಟಿ ತೆಗೆದುಕೊಳ್ಳಿ. ವ್ಯವಹಾರದಿಂದ ಬಂದ ವರಮಾನವನ್ನು 100 ಎಂದಿಟ್ಟುಕೊಂಡು, ಕೆಳಗಿನ ಪ್ರತಿ ಬಾಬ್ತನ್ನೂ ಅದರ ಶೇಕಡಾವಾರು ಪಾಲಾಗಿ ಬರೆಯಿರಿ. ಅದೇ ಕಾಮನ್ ಸೈಜ್ ಪಟ್ಟಿ. ಬ್ಯಾಲೆನ್ಸ್ ಶೀಟ್‌ಗಾದರೆ ಒಟ್ಟು ಆಸ್ತಿಯೇ 100. ಒಂದು ವರ್ಷ ವರಮಾನದಿಂದ, ಇನ್ನೊಂದು ವರ್ಷ ಇತರ ಆದಾಯವೂ ಸೇರಿದ ಒಟ್ಟು ಆದಾಯದಿಂದ ಭಾಗಿಸಿದರೆ ಹೋಲಿಕೆ ಅಲ್ಲೇ ಕೆಟ್ಟಿತು.

ಇನ್ಫೊಸಿಸ್ ವರಮಾನ 2022-23ರಲ್ಲಿ 1,46,767 ಕೋಟಿ ರೂಪಾಯಿ, 2023-24ರಲ್ಲಿ 1,53,670 ಕೋಟಿ. ನಿವ್ವಳ ಲಾಭ 24,095 ಕೋಟಿಯಿಂದ 26,233 ಕೋಟಿಗೆ ಏರಿತು. ಅಂದರೆ ಪ್ರತಿ ನೂರು ರೂಪಾಯಿ ವರಮಾನದಲ್ಲಿ ಉಳಿದದ್ದು 16.4ರಿಂದ 17.1 ರೂಪಾಯಿಗೆ ಏರಿದೆ. ಚೆನ್ನಾಗಿಯೇ ಇದೆ ಅನ್ನಿಸುತ್ತದೆ. ಆದರೆ ಅದೇ ಪಟ್ಟಿಯಲ್ಲಿ ಸ್ವಲ್ಪ ಮೇಲೆ ನೋಡಿ: ಕಾರ್ಯಾಚರಣೆಯ ಲಾಭ ಶೇ 21ರಿಂದ ಶೇ 20.7ಕ್ಕೆ ಇಳಿದಿದೆ. ದಂಧೆಯ ಲಾಭದ ಪಾಲು ಇಳಿದು ಕೊನೆಯ ಲಾಭದ ಪಾಲು ಏರಿದ್ದರೆ ನಡುವೆ ಏನೋ ಸೇರಿಕೊಂಡಿದೆ ಎಂದೇ ಅರ್ಥ. ಹುಡುಕಿದರೆ ಸಿಗುವುದು ಇತರ ಆದಾಯ: 2,701 ಕೋಟಿ ಇದ್ದದ್ದು 4,711 ಕೋಟಿಯಾಗಿದೆ. ಈ ಹೆಚ್ಚಳದ ಬಹುಪಾಲು ಆದಾಯ ತೆರಿಗೆ ರೀಫಂಡ್ ಮೇಲೆ ಬಂದ ಬಡ್ಡಿ. ಗ್ರಾಹಕರಿಂದ ಗಳಿಸಿದ್ದಲ್ಲ, ಪ್ರತಿ ವರ್ಷ ಬರುವಂಥದ್ದೂ ಅಲ್ಲ. ರೂಪಾಯಿ ಲೆಕ್ಕವನ್ನಷ್ಟೇ ಓದುವವರಿಗೆ ಇದು ಕಣ್ಣಿಗೆ ಬೀಳುವುದು ಕಷ್ಟ.

ಟ್ರೆಂಡ್ ಲೆಕ್ಕ ಬೇರೆ. ಅಲ್ಲಿ ಒಂದು ವರ್ಷವನ್ನು ಮೂಲವಾಗಿಟ್ಟು, ಆ ವರ್ಷದ ಪ್ರತಿ ಬಾಬ್ತನ್ನೂ 100 ಮಾಡುತ್ತೇವೆ. 2019-20 ಮೂಲ ವರ್ಷವಾದರೆ 2023-24ಕ್ಕೆ ಇನ್ಫೊಸಿಸ್ ವರಮಾನ 169, ನೌಕರರ ವೆಚ್ಚ 162. ಸಂಬಳ ಬಿಗಿ ಹಿಡಿದಿದ್ದಾರೆ ಎಂದು ಇಲ್ಲಿಗೇ ತೀರ್ಮಾನಿಸಬೇಡಿ. ‘ಸಾಫ್ಟ್‌ವೇರ್ ಪ್ಯಾಕೇಜ್ ಮತ್ತು ಇತರೆ’ ಎಂಬ ಬಾಬ್ತು 2,703 ಕೋಟಿಯಿಂದ 13,515 ಕೋಟಿಗೆ, ಅಂದರೆ 500ಕ್ಕೆ ಹೋಗಿದೆ. ವರಮಾನದಲ್ಲಿ ಅದರ ಪಾಲು ಶೇ 3 ಇದ್ದದ್ದು ಶೇ 8.8. ಗ್ರಾಹಕರಿಗೆ ಒದಗಿಸಲು ಬೇರೆಯವರಿಂದ ಕೊಳ್ಳುವ ಸಾಫ್ಟ್‌ವೇರ್, ಸಲಕರಣೆಗಳ ಖರ್ಚೂ ಇದರೊಳಗಿದೆ. ಕೊಂಡು ಕೊಡುವ ವ್ಯವಹಾರ ಬೆಳೆದಾಗ ವರಮಾನವೂ ಉಬ್ಬುತ್ತದೆ, ಆಗ ನೌಕರರ ವೆಚ್ಚದ ಪಾಲು ತಾನಾಗಿ ಸಣ್ಣದಾಗಿ ಕಾಣುತ್ತದೆ. ಶೇಕಡಾವಾರು ಪಟ್ಟಿಯ ದೊಡ್ಡ ಮಿತಿಯೇ ಇದು: ಒಂದು ಪಾಲು ಇಳಿದಿದೆ ಎಂದರೆ ಆ ಖರ್ಚು ಕಡಿಮೆಯಾಗಿದೆ ಎಂದಲ್ಲ, ಪಕ್ಕದ್ದು ಬೆಳೆದಿರಬಹುದು. ಅದಕ್ಕೇ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ಓದಬೇಕು.

ಟಿಸಿಎಸ್ ಜೊತೆಗಿನ ಹೋಲಿಕೆಯಲ್ಲೂ ಈ ಬಾಬ್ತೇ ಅಡ್ಡ ಬರುತ್ತದೆ. 2023-24ರಲ್ಲಿ ಟಿಸಿಎಸ್‌ನ ನೌಕರರ ವೆಚ್ಚ ವರಮಾನದ ಶೇ 58.2, ಇನ್ಫೊಸಿಸ್‌ನದು ಶೇ 53.8. ಹಾಗಿದ್ದೂ ಕಾರ್ಯಾಚರಣೆಯ ಲಾಭದಲ್ಲಿ ಶೇ 24.6 ಪಡೆದ ಟಿಸಿಎಸ್ಸೇ ಮುಂದಿದೆ. ಇನ್ಫೊಸಿಸ್‌ನ ಶೇ 8.8ರ ಬಾಬ್ತಿಗೆ ಹತ್ತಿರವಾದದ್ದು ಟಿಸಿಎಸ್‌ನಲ್ಲಿ ಸಲಕರಣೆ ಮತ್ತು ಸಾಫ್ಟ್‌ವೇರ್ ಲೈಸೆನ್ಸ್ ವೆಚ್ಚ. ಅದು ಶೇ 1.5 ಮಾತ್ರ. ಇನ್ನೊಂದು ತೊಡಕೆಂದರೆ, ಇನ್ಫೊಸಿಸ್ ಹೊರಗಿನ ತಾಂತ್ರಿಕ ಸಬ್‌ಕಾಂಟ್ರ್ಯಾಕ್ಟರ್‌ಗಳ ಖರ್ಚನ್ನು (ಶೇ 8) ಮುಖ್ಯ ಪಟ್ಟಿಯಲ್ಲೇ ಪ್ರತ್ಯೇಕವಾಗಿ ತೋರಿಸುತ್ತದೆ. ಟಿಸಿಎಸ್‌ನಲ್ಲಿ ಹೊರಗಿನ ಸಲಹೆಗಾರರ ಶುಲ್ಕ ‘ಇತರ ವೆಚ್ಚ’ದೊಳಗೆ ಅಡಗಿರುತ್ತದೆ, ಟಿಪ್ಪಣಿಗಳವರೆಗೆ ಹೋದರೆ ಮಾತ್ರ ಸಿಗುತ್ತದೆ. ಬಾಬ್ತಿನ ಹೆಸರು ನೋಡಿ ಹೋಲಿಸದೆ, ಟಿಪ್ಪಣಿ ಓದಿ ಒಂದೇ ಬಗೆಯ ಖರ್ಚುಗಳನ್ನು ಒಟ್ಟಿಗೆ ಕೂಡಿಸಿ ಆಮೇಲೆ ಹೋಲಿಸಿ. ವೆಬ್‌ಸೈಟ್‌ಗಳ ಸಿದ್ಧ ಪಟ್ಟಿಯನ್ನು ನಾನು ನೆಚ್ಚುವುದಿಲ್ಲ. ಇಂಥ ಬಾಬ್ತುಗಳನ್ನು ತಮಗೆ ತೋಚಿದಂತೆ ಕೂಡಿಸಿರುತ್ತಾರೆ.

ಮೂಲ ವರ್ಷದ ಆಯ್ಕೆಯಲ್ಲೂ ಎಚ್ಚರ ಬೇಕು. ಇನ್ಫೊಸಿಸ್‌ನ ಪ್ರಯಾಣ ವೆಚ್ಚ 2019-20ರಲ್ಲಿ 2,710 ಕೋಟಿ. ಕೋವಿಡ್ ಕಾಲದ 2020-21ರಲ್ಲಿ ಅದು 554 ಕೋಟಿಗೆ ಕುಸಿಯಿತು. 2023-24ರಲ್ಲಿ 1,759 ಕೋಟಿ. ಮೊದಲ ವರ್ಷವನ್ನು ಮೂಲವಾಗಿಟ್ಟರೆ ಸೂಚ್ಯಂಕ 65, ಎರಡನೆಯದನ್ನಿಟ್ಟರೆ 318. ಒಂದರ ಪ್ರಕಾರ ಖರ್ಚು ಮೂರನೇ ಒಂದು ಭಾಗದಷ್ಟು ಇಳಿದಿದೆ, ಇನ್ನೊಂದರ ಪ್ರಕಾರ ಮೂರು ಪಟ್ಟು ಮೀರಿ ಏರಿದೆ, ಎರಡೂ ಲೆಕ್ಕ ತಪ್ಪಲ್ಲ. ಹಾಗಾಗಿ ಮೂಲ ವರ್ಷ 2020-21 ಆಗಿರುವ ಯಾವುದೇ ಟ್ರೆಂಡ್ ಪಟ್ಟಿ ಕೈಗೆ ಸಿಕ್ಕರೆ, 2019-20ರ ಅಂಕಿ ತಂದು ಮತ್ತೊಮ್ಮೆ ಲೆಕ್ಕ ಹಾಕಿ.