ಎಕ್ಸ್‌ಪೈರಿಗೆ ಮುಂಚೆನೇ ಅಸೈನ್‌ಮೆಂಟ್: ಭಾವನಿಗೆ ಆಗಿದ್ದು ನನಗೂ ಆಗುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾನು ಸಕಲೇಶಪುರದವನು, ಎನ್‌ಎಸ್‌ಇಲಿ ಸ್ಟಾಕ್ ಆಪ್ಷನ್ ಸೆಲ್ಲಿಂಗ್ ಮಾಡ್ತೀನಿ. ನಮ್ಮ ಭಾವ ಡಲ್ಲಾಸ್‌ನಲ್ಲಿದ್ದಾರೆ. ಅಲ್ಲಿನ ಒಂದು ಷೇರಲ್ಲಿ 100ರ ಕಾಲ್ ಮಾರಿ 105ರ ಕಾಲ್ ತಗೊಂಡಿದ್ರು, ಷೇರು 108ರಲ್ಲಿತ್ತು, ಎಕ್ಸ್‌ಪೈರಿಗೆ ಇನ್ನೂ 15 ದಿನ ಇತ್ತು. ಬೆಳಿಗ್ಗೆ ಎದ್ದು ನೋಡಿದ್ರೆ 100 ಷೇರು ಶಾರ್ಟ್ ಆಗಿದೆ, ಮೇಲಿಂದ ಷೇರಿಗೆ 1.20 ಡಾಲರ್‌ನಂತೆ 120 ಡಾಲರ್ ಡಿವಿಡೆಂಡ್ ಬೇರೆ ಇವರ ತಲೆಗೆ ಬಿದ್ದಿದೆ. ಗಾಬರಿಯಲ್ಲಿ 105ರ ಕಾಲ್ ಎಕ್ಸರ್ಸೈಸ್ ಮಾಡಿ ಮುಗಿಸಿದ್ರು. ಬಂದಿದ್ದ ಪ್ರೀಮಿಯಂ ಲೆಕ್ಕ ಬಿಟ್ಟು 500ಕ್ಕಿಂತ ಹೆಚ್ಚು ಹೋಗಲ್ಲ ಅಂದ್ಕೊಂಡಿದ್ದು, 620 ಹೋಯ್ತು. ಹೀಗ್ಯಾಕಾಯ್ತು? ನನಗೂ ಹೀಗೆ ಆಗಬಹುದಾ?

ಉತ್ತರ: ನಿಮಗೆ ಆಗಲ್ಲ, ಇದನ್ನ ಮೊದಲೇ ಹೇಳ್ಬಿಡ್ತೀನಿ, ನೆಮ್ಮದಿಯಾಗಿ ಮುಂದಕ್ಕೆ ಓದಿ. ನಮ್ಮಲ್ಲಿ ಇಂಡೆಕ್ಸ್ ಆಪ್ಷನ್ ಶುರುವಿಂದಲೂ ಯುರೋಪಿಯನ್ ಸ್ಟೈಲು, ಸ್ಟಾಕ್ ಆಪ್ಷನ್ ಮೊದಲು ಅಮೆರಿಕನ್ ಇತ್ತು, 2011ರ ಜನವರಿಯಿಂದ ಅದೂ ಯುರೋಪಿಯನ್ ಆಯ್ತು. ನಿಮ್ಮ ಸ್ಕ್ರೀನಲ್ಲಿ CE, PE ಅಂತ ಬರುತ್ತಲ್ಲ ಆ E ಅದೇ, ಹಳೇ ಕಾಂಟ್ರ್ಯಾಕ್ಟ್‌ಗಳಲ್ಲಿ CA, PA ಅಂತ ಇರ್ತಿತ್ತು. ಯುರೋಪಿಯನ್ ಅಂದ್ರೆ ತಗೊಂಡವನು ಎಕ್ಸ್‌ಪೈರಿ ದಿನ ಬಿಟ್ಟು ಬೇರೆ ದಿನ ಎಕ್ಸರ್ಸೈಸ್ ಮಾಡೋ ಹಾಗಿಲ್ಲ, ಮಧ್ಯದಲ್ಲಿ ಬೇಡ ಅನ್ನಿಸಿದ್ರೆ ಮಾರ್ಕೆಟ್ಟಲ್ಲಿ ಮಾರಬೇಕು ಅಷ್ಟೆ. ಅಮೆರಿಕನ್ ಅಂದ್ರೆ ತಗೊಂಡ ದಿನದಿಂದ ಎಕ್ಸ್‌ಪೈರಿವರೆಗೆ ಯಾವ ದಿನ ಬೇಕಾದ್ರೂ ಮಾಡಬಹುದು. ಅಮೆರಿಕದ ಎಲ್ಲಾ ಆಪ್ಷನ್ನೂ ಅಮೆರಿಕನ್ ಅಂತಲ್ಲ, ಅಲ್ಲಿ ಬಿಡಿ ಷೇರುಗಳು ಮತ್ತು ಇಟಿಎಫ್‌ಗಳದ್ದು ಅಮೆರಿಕನ್, ಎಸ್ ಅಂಡ್ ಪಿ 500 ಇಂಡೆಕ್ಸಿನ SPX ಆಪ್ಷನ್ ಯುರೋಪಿಯನ್. ಅದೇ ಇಂಡೆಕ್ಸ್ ಇಟ್ಕೊಂಡು ನಡೆಯೋ SPY ಇಟಿಎಫ್ ಆಪ್ಷನ್ ಮಾತ್ರ ಅಮೆರಿಕನ್, ಅದು ಮೂರು ತಿಂಗಳಿಗೊಮ್ಮೆ ಡಿವಿಡೆಂಡ್ ಬೇರೆ ಕೊಡುತ್ತೆ. ಹಾಗಾಗಿ ಒಂದೇ ಥರ ಕಾಣೋ ಎರಡರಲ್ಲಿ ಒಂದು ಮಾರಿದವನಿಗೆ ಈ ಭಯ ಇದೆ, ಇನ್ನೊಂದು ಮಾರಿದವನಿಗೆ ಇಲ್ಲ.

ಈಗ ನಿಮ್ಮ ಭಾವನ ವಿಷಯ. ಕಾಲ್ ಇನ್-ದ-ಮನಿ ಹೋದ ತಕ್ಷಣ, ಅಂದ್ರೆ ಷೇರು ಸ್ಟ್ರೈಕ್ ದಾಟಿದ ತಕ್ಷಣ, ಅಸೈನ್ ಆಗಿ ಮಾರಿದವನು ಷೇರು ಕೊಡಬೇಕಾಗುತ್ತೆ ಅಂತ ತುಂಬಾ ಜನ ನಂಬಿದ್ದಾರೆ, ಅದು ಸರಿಯಿಲ್ಲ. ಕಾಲ್ ಬೆಲೆಯಲ್ಲಿ ಟೈಮ್ ವ್ಯಾಲ್ಯೂ, ಅಂದ್ರೆ ಷೇರು-ಸ್ಟ್ರೈಕ್ ವ್ಯತ್ಯಾಸಕ್ಕಿಂತ ಮೇಲಿರೋ ಭಾಗ, ಉಳಿದಿರೋವರೆಗೆ ಅದನ್ನ ಎಕ್ಸರ್ಸೈಸ್ ಮಾಡೋದು ಅಂದ್ರೆ ಆ ಟೈಮ್ ವ್ಯಾಲ್ಯೂನ ಸುಮ್ನೆ ಬಿಟ್ಟುಕೊಟ್ಟ ಹಾಗೆ, ಅದರ ಬದಲು ಮಾರ್ಕೆಟ್ಟಲ್ಲಿ ಮಾರಿದ್ರೆ ಹೆಚ್ಚು ದುಡ್ಡು ಬರುತ್ತೆ. ಡಿವಿಡೆಂಡ್ ಕೊಡದ ಷೇರಿನ ಕಾಲನ್ನ ಮುಂಚೆನೇ ಎಕ್ಸರ್ಸೈಸ್ ಮಾಡೋದ್ರಲ್ಲಿ ಲಾಭನೇ ಇಲ್ಲ. ಡಿವಿಡೆಂಡ್ ಬಂದಾಗ ಲೆಕ್ಕ ತಿರುಗುತ್ತೆ. ನಮ್ಮ ಕಡೆ ಕಾಫಿ ತೋಟಕ್ಕೆ ಅಗ್ರಿಮೆಂಟ್ ಮಾಡ್ಕೊಂಡು ಅಡ್ವಾನ್ಸ್ ಕೊಟ್ಟವನನ್ನ ನೋಡಿ, ರಿಜಿಸ್ಟ್ರೇಷನ್ ಆಗೋವರೆಗೂ ಫಸಲು ಹಳೇ ಮಾಲೀಕಂದೇ, ಅದಕ್ಕೇ ಕೊಯ್ಲು ಹತ್ತಿರ ಬಂದ್ರೆ ಅವನು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಓಡ್ತಾನೆ. ಕಾಲ್ ಇಟ್ಕೊಂಡವನೂ ಹಾಗೇ, ಡಿವಿಡೆಂಡ್ ಷೇರು ಇರೋವನಿಗೆ ಸಿಗುತ್ತೆ ಹೊರತು ಆಪ್ಷನ್ ಇರೋವನಿಗಲ್ಲ, ಹಾಗಾಗಿ ಷೇರು ಡಿವಿಡೆಂಡ್ ಕಳೆದು ಟ್ರೇಡ್ ಆಗೋಕೆ ಶುರುವಾಗೋ ಎಕ್ಸ್-ಡೇಟ್‌ನ ಹಿಂದಿನ ದಿನ ಅವನು ಯೋಚನೆ ಮಾಡ್ಲೇಬೇಕು.

ಆ ದಿನ ಅವನ ತಲೆಯಲ್ಲಿ ಏನು ಓಡುತ್ತೆ ಅಂತ ಭಾವನ ಅಂಕಿಗಳಲ್ಲೇ ನೋಡೋಣ, ಇಲ್ಲದಿರೋ ಅಂಕಿಗಳನ್ನ ನಾನು ಅಂದಾಜಲ್ಲಿ ಸೇರಿಸ್ತೀನಿ. ಷೇರು 108, ಸ್ಟ್ರೈಕ್ 100. ಎಕ್ಸರ್ಸೈಸ್ ಮಾಡಿದ್ರೆ 100 ಡಾಲರ್ ಕೊಟ್ಟು ಷೇರು ತಗೋತಾನೆ, ಮಾರನೇ ದಿನ ಷೇರು ಡಿವಿಡೆಂಡ್ ಕಳೆದು 106.80ಕ್ಕೆ ಓಪನ್ ಆದ್ರೂ 1.20 ಕೈಗೆ ಬರೋದ್ರಿಂದ ಒಟ್ಟು 8 ಡಾಲರ್ ಹಾಗೇ ಉಳಿಯುತ್ತೆ. ಎಕ್ಸರ್ಸೈಸ್ ಮಾಡದೆ ಕೂತ್ರೆ ಕಾಲ್‌ನ ಒಳಗಿನ ಬೆಲೆ 6.80ಕ್ಕೆ ಇಳಿಯುತ್ತೆ, ಅದರ ಮೇಲೆ ಇನ್ನೆರಡು ಲಾಭ ಮಾತ್ರ ಅವನ ಹತ್ರ ಇರುತ್ತೆ. ಒಂದು, ಷೇರು ಬಿದ್ದುಹೋದ್ರೆ ಅವನು ತಗೋಳಲೇಬೇಕು ಅಂತೇನಿಲ್ಲ, ಆ ರಕ್ಷಣೆಯ ಬೆಲೆ ಎಷ್ಟು ಅಂದ್ರೆ ಅದೇ 100 ಸ್ಟ್ರೈಕಿನ ಅದೇ ಎಕ್ಸ್‌ಪೈರಿಯ ಪುಟ್‌ನ ಬೆಲೆ, ಅದನ್ನ 25 ಸೆಂಟ್ ಅಂತ ಇಟ್ಕೊಳ್ಳಿ. ಇನ್ನೊಂದು, 100 ಡಾಲರ್ ಇನ್ನೂ 15 ದಿನ ಅವನ ಕೈಲೇ ಇರುತ್ತೆ, ವರ್ಷಕ್ಕೆ 4 ಪರ್ಸೆಂಟ್ ಬಡ್ಡಿ ಅಂದ್ರೆ ಸುಮಾರು 16 ಸೆಂಟ್. ಕೂಡಿದ್ರೆ 41 ಸೆಂಟ್. 41 ಸೆಂಟ್ ಉಳಿಸೋಕೆ 1.20 ಬಿಡೋದು ಯಾರು? ಷೇರಿಗೆ 79 ಸೆಂಟ್, ಒಂದು ಕಾಂಟ್ರ್ಯಾಕ್ಟ್‌ಗೆ 79 ಡಾಲರ್ ವ್ಯತ್ಯಾಸ. ಅವನು ಎಕ್ಸರ್ಸೈಸ್ ಮಾಡೇ ಮಾಡ್ತಾನೆ.

ಮಾರಿದವರು ನೋಡಬೇಕಾದ ಪರೀಕ್ಷೆ ಇಲ್ಲೇ ಇದೆ, ಕಷ್ಟ ಏನಿಲ್ಲ. ಎಕ್ಸ್-ಡೇಟ್ ಯಾವಾಗ ಅಂತ ಗುರುತು ಹಾಕ್ಕೊಳ್ಳಿ, ಹಿಂದಿನ ದಿನ ಮಾರ್ಕೆಟ್ ಮುಗಿಯೋಕೆ ಮುಂಚೆ ನೀವು ಮಾರಿರೋ ಇನ್-ದ-ಮನಿ ಕಾಲ್‌ನ ಸ್ಟ್ರೈಕಿನ ಪುಟ್ ಎಷ್ಟಿದೆ ನೋಡಿ, ಡಿವಿಡೆಂಡ್ ಅದಕ್ಕಿಂತ ಚೆನ್ನಾಗಿ ಜಾಸ್ತಿ ಇದ್ರೆ ರಾತ್ರಿಗೆ ಅಸೈನ್‌ಮೆಂಟ್ ಬರುತ್ತೆ ಅಂತಲೇ ಇಟ್ಕೊಳ್ಳಿ. ಇನ್ನೊಂದು ಗುರುತು, ಆ ಕಾಲ್ ಷೇರು-ಸ್ಟ್ರೈಕ್ ವ್ಯತ್ಯಾಸಕ್ಕೆ ಅಂಟ್ಕೊಂಡು ಟ್ರೇಡ್ ಆಗ್ತಿರುತ್ತೆ, ಇಲ್ಲಿ 8 ಇಲ್ಲಾ 8.05, ಅದರಲ್ಲಿ ಟೈಮ್ ವ್ಯಾಲ್ಯೂ ಅನ್ನೋದೇ ಉಳಿದಿರಲ್ಲ.

ಯಾರಿಗೆ ಬೀಳುತ್ತೆ ಅನ್ನೋದು ಲಾಟರಿ. ಅಮೆರಿಕದಲ್ಲಿ ಎಕ್ಸರ್ಸೈಸ್ ನೋಟೀಸೆಲ್ಲ ಓಸಿಸಿ ಅನ್ನೋ ಕ್ಲಿಯರಿಂಗ್ ಸಂಸ್ಥೆಗೆ ಹೋಗುತ್ತೆ, ಅದು ರ‍್ಯಾಂಡಮ್ ಆಗಿ ಯಾವುದೋ ಕ್ಲಿಯರಿಂಗ್ ಮೆಂಬರ್‌ಗೆ ಹಾಕುತ್ತೆ, ಆಮೇಲೆ ಬ್ರೋಕರ್ ತನ್ನ ಕಸ್ಟಮರ್‌ಗಳಲ್ಲಿ ಒಬ್ಬರಿಗೆ ಹಾಕ್ತಾನೆ. ಕೆಲವು ಕಾಲ್ ಹೋಲ್ಡರ್‌ಗಳು ಎಕ್ಸರ್ಸೈಸ್ ಮಾಡೋದನ್ನೇ ಮರೀತಾರೆ, ಅಷ್ಟು ಸೆಲ್ಲರ್‌ಗಳು ಬಚಾವಾಗ್ತಾರೆ, ಆದ್ರೆ ಆ ಅದೃಷ್ಟ ನಂಬ್ಕೊಂಡು ಮಲಗೋದು ಬೇಡ. ಎಲ್ಲಾ ರಾತ್ರಿ ನಡೆಯೋದ್ರಿಂದ ಗೊತ್ತಾಗೋದು ಬೆಳಿಗ್ಗೆನೇ, ಅಷ್ಟೊತ್ತಿಗೆ ಷೇರು ಎಕ್ಸ್ ಆಗಿರುತ್ತೆ, ನೀವು ಶಾರ್ಟ್ ಇರ್ತೀರ, ಶಾರ್ಟ್ ಇರೋವನು ಡಿವಿಡೆಂಡ್ ಕಟ್ಟಿಕೊಡಲೇಬೇಕು. 105ರ ಕಾಲ್ ಕೈಲಿದ್ರೂ ಅದು ಈ 120 ಡಾಲರಿಗೆ ರಕ್ಷಣೆ ಕೊಡಲ್ಲ, ಯಾಕಂದ್ರೆ ಅದೂ ಆಪ್ಷನ್ನೇ, ಅದಕ್ಕೆ ಡಿವಿಡೆಂಡ್ ಸಿಗಲ್ಲ. ಸ್ಪ್ರೆಡ್‌ನ ಗರಿಷ್ಠ ನಷ್ಟ ಅಂತ ಆ್ಯಪ್ ತೋರಿಸೋ ಅಂಕಿ ಇದನ್ನ ಲೆಕ್ಕಕ್ಕೇ ತಗೊಂಡಿರಲ್ಲ.

ಇಷ್ಟಾದ್ಮೇಲೂ 620 ಹೋಗಬೇಕಿರಲಿಲ್ಲ. ಭಾವ 105ರ ಕಾಲ್ ಎಕ್ಸರ್ಸೈಸ್ ಮಾಡಿ ಅದರಲ್ಲಿದ್ದ ಟೈಮ್ ವ್ಯಾಲ್ಯೂ ಪೂರ್ತಿ ಕಳ್ಕೊಂಡ್ರು. 15 ದಿನ ಬಾಕಿ ಇರೋ ಆ ಕಾಲ್ ಆ ಬೆಳಿಗ್ಗೆ ಸುಮಾರು 2.80ಕ್ಕೆ ಮಾರಾಟ ಆಗ್ತಿತ್ತು ಅಂತ ಇಟ್ಕೊಳ್ಳಿ, ಅದರಲ್ಲಿ 1.80 ಮಾತ್ರ ಒಳಗಿನ ಬೆಲೆ. ಶಾರ್ಟ್ ಆಗಿರೋ 100 ಷೇರನ್ನ 106.80ಕ್ಕೆ ನೇರವಾಗಿ ಮಾರ್ಕೆಟ್ಟಲ್ಲಿ ತಗೊಂಡಿದ್ರೆ ಅಲ್ಲಿ 680, ಡಿವಿಡೆಂಡ್ 120, ಒಟ್ಟು 800 ಖರ್ಚು, ಕಾಲ್ ಮಾರಿದ್ರೆ 280 ವಾಪಸ್, ನಷ್ಟ 520ಕ್ಕೆ ನಿಲ್ತಿತ್ತು. ಎರಡನ್ನೂ ಒಟ್ಟಿಗೆ ಮಾಡಬೇಕು, ಕಾಲ್ ಮೊದಲು ಮಾರಿ ಷೇರು ಆಮೇಲೆ ನೋಡೋಣ ಅಂದ್ರೆ ಆ ಮಧ್ಯೆ ಷೇರು ಮೇಲಕ್ಕೆ ಹೋದ್ರೆ ರಕ್ಷಣೆನೇ ಇರಲ್ಲ. ಎಲ್ಲಕ್ಕಿಂತ ಸುಲಭ ಅಂದ್ರೆ ಹಿಂದಿನ ದಿನವೇ ಸ್ಪ್ರೆಡ್ ಕ್ಲೋಸ್ ಮಾಡೋದು, 8.05ಕ್ಕೆ ಒಂದು ತಗೊಂಡು 3.05ರ ಆಸುಪಾಸಲ್ಲಿ ಇನ್ನೊಂದು ಮಾರಿದ್ರೆ 500ರ ಹತ್ತಿರ ಮುಗೀತಿತ್ತು. ಅಕೌಂಟಲ್ಲಿ ಕಮ್ಮಿ ದುಡ್ಡಿರೋರು ಇನ್ನೊಂದು ನೋಡ್ಬೇಕು, 10,000 ಡಾಲರಿನ ಷೇರು ಇದ್ದಕ್ಕಿದ್ದ ಹಾಗೆ ಶಾರ್ಟ್ ಆದಾಗ ಮಾರ್ಜಿನ್ ಕಾಲ್ ಬರಬಹುದು, ಆಗ ಯೋಚನೆ ಮಾಡೋಕೂ ಟೈಮ್ ಸಿಗಲ್ಲ.

ಪುಟ್ ಮಾರಿದವರಿಗೂ ಇದು ಇದೆ, ಅಲ್ಲಿ ಕಾರಣ ಬಡ್ಡಿ. ಷೇರು ತುಂಬಾ ಕೆಳಗೆ ಹೋದ್ಮೇಲೆ ಪುಟ್ ಇಟ್ಕೊಂಡವನು ಸ್ಟ್ರೈಕ್ ದುಡ್ಡು ಇವತ್ತೇ ತಗೊಂಡು ಬಡ್ಡಿಗೆ ಹಾಕೋದು ಮೇಲು ಅಂತ ಎಕ್ಸರ್ಸೈಸ್ ಮಾಡ್ತಾನೆ. ಅಸೈನ್ ಆದವರಿಗೆ ಷೇರು ಬಂದು ಬೀಳುತ್ತೆ ಅಷ್ಟೆ, ಡಿವಿಡೆಂಡ್ ಥರ ಹೆಚ್ಚಿನ ಪೆಟ್ಟು ಇರಲ್ಲ, ದುಡ್ಡು ರೆಡಿ ಇರಬೇಕು.

ಇನ್ನು ನಿಮ್ಮ ವಿಷಯಕ್ಕೆ ಬರ್ತೀನಿ. ಅಲ್ಲಿ 8 ಇರೋ ಕಾಲ್ ನಮ್ಮ ಮಾರ್ಕೆಟ್ಟಲ್ಲಿ ಡಿವಿಡೆಂಡ್ ಹಿಂದಿನ ದಿನ 7.20ಕ್ಕೇ ಟ್ರೇಡ್ ಆಗ್ತಿರುತ್ತೆ, ಯಾಕಂದ್ರೆ ಎಕ್ಸರ್ಸೈಸ್ ಮಾಡೋಕೆ ಯಾರಿಗೂ ಆಗಲ್ಲ, ಷೇರು ನಾಳೆ ಇಳಿಯುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಡೀಪ್ ಇನ್-ದ-ಮನಿ CE ಅಗ್ಗವಾಗಿ ಸಿಗ್ತಿದೆ ಅಂತ ಹಾಸನದಿಂದಲೂ ಚಿಕ್ಕಮಗಳೂರಿಂದಲೂ ನನಗೆ ಮೆಸೇಜ್ ಬರ್ತಾನೇ ಇರುತ್ತೆ, ಅದು ಅಗ್ಗ ಅಲ್ಲ, ಡಿವಿಡೆಂಡ್ ಕಳೆದ ಬೆಲೆ. (ಡಿವಿಡೆಂಡ್ ಷೇರು ಬೆಲೆಯ 2 ಪರ್ಸೆಂಟ್ ಅಥವಾ ಜಾಸ್ತಿ ಇದ್ರೆ ಎಕ್ಸ್‌ಚೇಂಜೇ ಸ್ಟ್ರೈಕ್ ಇಳಿಸುತ್ತೆ, ಆಗ ಈ ವ್ಯತ್ಯಾಸ ಬರಲ್ಲ.) ಕೈಲಿ ಷೇರು ಇಟ್ಕೊಂಡು ಕಾಲ್ ಮಾರಿದ್ರೆ ಇಲ್ಲಿ ಡಿವಿಡೆಂಡ್ ನಿಮಗೇ ಉಳಿಯುತ್ತೆ, ಅಲ್ಲಿ ಹಿಂದಿನ ರಾತ್ರಿನೇ ಷೇರು ಎದ್ದು ಹೋಗಬಹುದು.

ನಿಮಗಿರೋ ಅಪಾಯ ಎಕ್ಸ್‌ಪೈರಿ ದಿನದ್ದು. 2019ರ ಅಕ್ಟೋಬರಿಂದ ಎಲ್ಲಾ ಸ್ಟಾಕ್ ಆಪ್ಷನ್ನೂ ಫಿಸಿಕಲ್ ಸೆಟಲ್‌ಮೆಂಟ್. ನೀವು 1000ದ ಕಾಲ್ ಮಾರಿ 1050ರದ್ದು ತಗೊಂಡಿದ್ದೀರಿ, ಲಾಟ್ 500 ಷೇರು ಅಂತ ಅಂದ್ಕೊಳ್ಳಿ. ಷೇರು 1080ಕ್ಕೆ ಕ್ಲೋಸ್ ಆದ್ರೆ ಎರಡೂ ಕಾಲ್ ಎಕ್ಸರ್ಸೈಸ್ ಆಗಿ ಕೊಡೋದು ತಗೋಳೋದು ಸರಿಹೋಗುತ್ತೆ. 1030ಕ್ಕೆ ಕ್ಲೋಸ್ ಆದ್ರೆ? ತಗೊಂಡಿದ್ದು ಸೊನ್ನೆ ಆಗುತ್ತೆ, ಮಾರಿದ್ದಕ್ಕೆ 500 ಷೇರು ಕೊಡಲೇಬೇಕು, 5,15,000 ರೂಪಾಯಿ ಬೆಲೆಯ ಷೇರು 5,00,000ಕ್ಕೆ. ಡಿಮ್ಯಾಟ್‌ನಲ್ಲಿ ಷೇರು ಇಲ್ಲದಿದ್ರೆ ಆಕ್ಷನ್‌ಗೆ, ಅಂದ್ರೆ ಹರಾಜಿಗೆ ಹೋಗುತ್ತೆ, ಅಲ್ಲಿ ಯಾವ ರೇಟಿಗೆ ತಗೊಂಡ್ರೂ ನಿಮ್ಮ ತಲೆಗೇ, ಮೇಲೆ ಪೆನಾಲ್ಟಿ. ಅದಕ್ಕೇ ಎರಡು ಸ್ಟ್ರೈಕಿನ ಮಧ್ಯೆ ಷೇರು ಓಡಾಡ್ತಿದ್ರೆ ಕೊನೇ ಅರ್ಧ ಗಂಟೆವರೆಗೆ ಕಾಯಬೇಡಿ, ಕೆಲವು ರೂಪಾಯಿ ಪ್ರೀಮಿಯಂ ಆಸೆ ಬಿಟ್ಟು ಎರಡು ದಿನ ಮುಂಚೆನೇ ಕ್ಲೋಸ್ ಮಾಡಿ. ಷೇರು ಇಟ್ಕೊಂಡೇ ಮಾರಿದ್ರೆ, ಆ ಷೇರು ಮಾರ್ಜಿನ್‌ಗೆ ಪ್ಲೆಡ್ಜ್ ಆಗಿದ್ಯಾ ನೋಡಿ, ಇದ್ರೆ ಎಕ್ಸ್‌ಪೈರಿ ವಾರದ ಶುರುವಲ್ಲೇ ಬಿಡಿಸಿಟ್ಕೊಳ್ಳಿ.

ಕೊನೆಗೆ, ಭಾವನ ಥರ ಅಲ್ಲಿ ಮಾರೋಣ ಅನ್ನೋ ಆಸೆ ಇದ್ರೆ ಒಂದು ಮಾತು. ವಿದೇಶಕ್ಕೆ ದುಡ್ಡು ಕಳಿಸೋಕೆ ಇರೋ ಆರ್‌ಬಿಐನ ಎಲ್‌ಆರ್‌ಎಸ್ ಸ್ಕೀಮಲ್ಲಿ ವಿದೇಶಿ ಎಕ್ಸ್‌ಚೇಂಜ್‌ಗೆ ಮಾರ್ಜಿನ್ ಕಟ್ಟೋಕೆ ಇಲ್ಲಿಂದ ದುಡ್ಡು ಕಳಿಸೋ ಹಾಗಿಲ್ಲ. ಸಕಲೇಶಪುರದಲ್ಲಿ ಕೂತು ಅಲ್ಲಿನ ಕಾಲ್ ಮಾರೋ ದಾರಿ ನಿಮಗಿಲ್ಲ, ಯಾವ ಆ್ಯಪ್‌ನೋರು ಬನ್ನಿ ಅಂದ್ರೂ ಹೋಗಬೇಡಿ.