ಬೈದುಕೊಂಡದ್ದು ಯಾರನ್ನು?

"‘ಸೋತ ಮೇಲೆ ಇಬ್ಬರೂ ಬೈದುಕೊಂಡರು’ ಎಂಬುದನ್ನು ಇಂಗ್ಲಿಷಿಗೆ ಅನುವಾದಿಸುವಾಗ ‘ದೆಮ್‌ಸೆಲ್ವ್ಸ್’ ಬರೆದೆ. ಮೇಷ್ಟರು ‘ಈಚ್ ಅದರ್’ ಎಂದು ತಿದ್ದಿದರು. ಏಕೆ?"

ನಿಮ್ಮನ್ನು ದಾರಿ ತಪ್ಪಿಸಿದ್ದು ಇಂಗ್ಲಿಷ್ ಅಲ್ಲ, ಕನ್ನಡದ ‘ಕೊಂಡರು’. ಅದು ಎರಡೂ ಅರ್ಥಕ್ಕೆ ಒಗ್ಗುತ್ತದೆ. ಇಂಗ್ಲಿಷಿನಲ್ಲಿ ಒಂದನ್ನು ಆರಿಸಲೇಬೇಕು. ಆ ಇಬ್ಬರು ರವಿ, ಸೋಮ ಎಂದುಕೊಳ್ಳಿ. ರವಿ ತನ್ನನ್ನೇ, ಸೋಮನೂ ತನ್ನನ್ನೇ ಬೈದುಕೊಂಡಿದ್ದರೆ ‘ದೇ ಕರ್ಸ್ಡ್ ದೆಮ್‌ಸೆಲ್ವ್ಸ್’. ರವಿ ಸೋಮನನ್ನು, ಸೋಮ ರವಿಯನ್ನು ಬೈದಿದ್ದರೆ ‘ದೇ ಕರ್ಸ್ಡ್ ಈಚ್ ಅದರ್’, ಅಂದರೆ ಒಬ್ಬರನ್ನೊಬ್ಬರು. ಮೇಷ್ಟರು ಜಗಳವನ್ನು ಊಹಿಸಿದ್ದಾರೆ, ನೀವು ಪಶ್ಚಾತ್ತಾಪವನ್ನು!

ಅನುಮಾನವಾದರೆ ಸೋಮನನ್ನು ವಾಕ್ಯದಿಂದ ಹೊರಗೆ ಕಳಿಸಿ. ‘ಹಿ ಕರ್ಸ್ಡ್ ಹಿಮ್‌ಸೆಲ್ಫ್’ ನಿಲ್ಲುತ್ತದೆ. ‘ಈಚ್ ಅದರ್’ಗೆ ಒಬ್ಬನೇ ಸಾಲದು.

ಒಂದು ತುಂಟ ಪ್ರಯೋಗವೂ ಇದೆ: ‘ದೇ ಟಾಕ್ಡ್ ಅಮಂಗ್ ದೆಮ್‌ಸೆಲ್ವ್ಸ್’. ಇಲ್ಲಿ ಮಾತು ಪರಸ್ಪರವೇ ನಡೆದರೂ ‘ದೆಮ್‌ಸೆಲ್ವ್ಸ್’ ಸರಿ. ಹೊರಗಿನವರನ್ನು ಸೇರಿಸಿಕೊಳ್ಳದೆ, ನಮ್ಮ ‘ತಮ್ಮತಮ್ಮಲ್ಲೇ’ ಇದ್ದ ಹಾಗೆ.